ಸುಗಂಧದ ಲಿಸ್ಟಿಂಗ್‌ನಲ್ಲಿ ‘ಎಷ್ಟು ಹೊತ್ತು ಉಳಿಯುತ್ತದೆ’ ಎಂಬ ಸಾಲನ್ನು ಬರೆಯುವ ಬಗೆ

ಕಲಬುರಗಿಯ ದರ್ಗಾ ರಸ್ತೆಯ ಆಸುಪಾಸಿನಲ್ಲಿ ಅತ್ತರು ಮಾರುವ ಪರಿಚಯದವರೊಬ್ಬರಿದ್ದಾರೆ. ನಾನು ಅವರನ್ನು ಚಾಚಾ ಎಂದೇ ಕರೆಯುತ್ತೇನೆ. ಅಂಗಡಿಯ ಸರಕನ್ನು ಅವರು ಮೊಬೈಲ್ ಮೂಲಕವೂ ಮಾರಲು ಆರಂಭಿಸಿದಾಗ ಅದರ ವಿವರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಬೇಸಿಗೆಯಲ್ಲಿಯೇ ಸೇಡಂನ ಗಿರಾಕಿಯೊಬ್ಬರು 50 ಮಿಲಿಯ ಬಾಟಲಿಯೊಂದನ್ನು ಹಿಂದಿರುಗಿಸಿದರು. ಜೊತೆಯಲ್ಲಿ ಬಂದ ದೂರು ಚಿಕ್ಕದಾಗಿತ್ತು: ‘24 ಗಂಟೆ ಎಂದು ಬರೆದಿದ್ದೀರಿ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೋಯಿತು.’

ಬಾಟಲಿಯನ್ನು ತೆಗೆದು ಮೂಸಿದೆವು. ಸರಕು ಅಸಲಿಯೇ ಆಗಿತ್ತು. ಸುಳ್ಳಾಗಿದ್ದದ್ದು ನಾನು ತಯಾರಕರ ಕರಪತ್ರದಿಂದ ಎತ್ತಿ ಬರೆದಿದ್ದ ಸಾಲು. ಅದೇ ಬಾಟಲಿಯ ವಿವರವನ್ನು ಹೊಸದಾಗಿ ಬರೆಯುವಾಗ ಏನೇನು ಮಾಡಿದೆವು ಎಂಬುದನ್ನು ಇಲ್ಲಿ ಹೇಳುತ್ತೇನೆ. ಘಮ, ಸಾಂದ್ರತೆ, ಪ್ರಮಾಣ ಮೂರನ್ನೂ ದಾಟಿಯೇ ಹೋಗಬೇಕು. ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಬಾಳಿಕೆಯ ಸಾಲಿನಲ್ಲಿ.

ಬಾಟಲಿಯ ಮೇಲಿನದನ್ನು ಮೊದಲು ಬರೆದುಕೊಳ್ಳಿ

ಮೂಸುವ ಮೊದಲು ಓದಿ. ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ, ಹೊರದೇಶದ ಸರಕಾದರೆ ಯಾವ ದೇಶದ್ದು ಎಂಬುದು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಇವು ಡಬ್ಬಿಯ ಮೇಲಷ್ಟೇ ಇದ್ದರೆ ಸಾಲದು, ಆನ್‌ಲೈನ್‌ನಲ್ಲಿ ಮಾರುವಾಗ ಪರದೆಯ ಮೇಲೂ ಕಾಣಬೇಕು. ಬ್ಯಾಚ್ ಸಂಖ್ಯೆಯನ್ನು ನಿಮ್ಮ ವಹಿಯಲ್ಲಿ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ಏಕೆಂಬುದು ಕೊನೆಗೆ ತಿಳಿಯುತ್ತದೆ.

ಅಳತೆಯ ವಿಷಯದಲ್ಲಿ ನಮ್ಮ ಕಡೆ ಒಂದು ಗೊಂದಲ ಹಳೆಯದು. ಅತ್ತರನ್ನು ಇಂದಿಗೂ ತೊಲದ ಲೆಕ್ಕದಲ್ಲಿಯೇ ಕೇಳುತ್ತಾರೆ. ತೊಲವೆಂದರೆ ತೂಕ, ಸುಮಾರು 11.66 ಗ್ರಾಂ. ವ್ಯಾಪಾರದಲ್ಲಿ ಅದು 12 ಮಿಲಿಯ ಸೀಸೆಯ ಹೆಸರಾಗಿಯೂ ಓಡಾಡುತ್ತದೆ. ಅಂಗಡಿಯಲ್ಲಿ ಮಾತನಾಡುವಾಗ ತೊಲ ಎನ್ನಿ, ಯಾರೂ ಬೇಡವೆನ್ನುವುದಿಲ್ಲ. ಲಿಸ್ಟಿಂಗ್‌ನಲ್ಲಿ ಮಾತ್ರ ಮಿಲಿ ಅಥವಾ ಗ್ರಾಂ ಇರಬೇಕು.

ಘಮವನ್ನು ಗಡಿಯಾರ ಇಟ್ಟುಕೊಂಡು ಮೂಸಿ

ತಯಾರಕರು ಕಳಿಸುವ ಘಮದ ಪಟ್ಟಿ ಮೂರು ಮಹಡಿಯದ್ದಾಗಿರುತ್ತದೆ: ಮೇಲಿನ ಘಮ, ನಡುವಿನ ಘಮ, ತಳದ ಘಮ. ಇದು ಕವಿಕಲ್ಪನೆಯಲ್ಲ, ಆವಿಯಾಗುವ ವೇಗದ ಲೆಕ್ಕ. ನಿಂಬೆ, ಕಿತ್ತಳೆಯ ಸಿಪ್ಪೆಯ ಅಂಶಗಳು ಹಗುರ. ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಬಹುಪಾಲು ಹಾರಿಹೋಗುತ್ತವೆ. ಗುಲಾಬಿ, ಮಲ್ಲಿಗೆಯಂಥ ಹೂವಿನ ಘಮಗಳು ಕೆಲವು ಗಂಟೆ ನಿಲ್ಲುತ್ತವೆ. ಚಂದನ, ಅಗರು, ಕಸ್ತೂರಿ ಬಗೆಯ ಭಾರದ ಅಂಶಗಳು ನಿಧಾನವಾಗಿ ಏಳುತ್ತವೆ, ಕೊನೆಯವರೆಗೂ ಇರುತ್ತವೆ.

ಆದ್ದರಿಂದ ಒಂದು ಕಾಗದದ ಪಟ್ಟಿಗೆ ಸಿಂಪಡಿಸಿ, ಸಿಂಪಡಿಸಿದ ವೇಳೆಯನ್ನು ಅದರ ಮೇಲೆಯೇ ಬರೆದು, ಐದನೆಯ ನಿಮಿಷ, ಒಂದು ಗಂಟೆ, ನಾಲ್ಕು ಗಂಟೆಗೆ ಮೂಸಿ ಕಂಡದ್ದನ್ನು ಬರೆಯಿರಿ. ನಮ್ಮ 50 ಮಿಲಿ ಬಾಟಲಿಯ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ನಮ್ಮ ಮೂಗಿಗೆ ಸಿಕ್ಕದ್ದು ಐದು: ಆರಂಭಕ್ಕೆ ನಿಂಬೆ ಸಿಪ್ಪೆ ಮತ್ತು ಏಲಕ್ಕಿ, ಆಮೇಲೆ ಗುಲಾಬಿ, ಕೊನೆಗೆ ಚಂದನ ಮತ್ತು ಒಗೆದ ಬಟ್ಟೆಯಂಥ ಕಸ್ತೂರಿ ಘಮ. ನಾವು ಐದನ್ನೇ ಬರೆದೆವು. ಮಿಕ್ಕ ಆರು ಸುಳ್ಳೆಂದಲ್ಲ. ಗಿರಾಕಿಗೆ ಸಿಗದ ಹೆಸರನ್ನು ಓದಿಸಿದರೆ ಅವರು ಅದನ್ನು ಹುಡುಕಿ ನಿರಾಶರಾಗುತ್ತಾರೆ.

ಹೆಸರಿಗಿಂತ ಹೋಲಿಕೆ ಹೆಚ್ಚು ಕೆಲಸ ಮಾಡುತ್ತದೆ. ‘ವೆಟಿವರ್’ ಎಂದು ಬರೆದಾಗ ಯಾರೂ ಏನನ್ನೂ ಕೇಳಲಿಲ್ಲ. ‘ಲಾವಂಚ: ಬೇಸಿಗೆಯಲ್ಲಿ ನೀರು ಚಿಮುಕಿಸಿದ ಖಸ್ ತಟ್ಟಿಯಿಂದ ಬರುವ ತಂಪು ವಾಸನೆ’ ಎಂದು ಬರೆದ ಮೇಲೆ ಯಾದಗಿರಿ, ಶಹಾಪುರದ ಕಡೆಯಿಂದ ಕರೆಗಳು ಬಂದವು. ಬಿಸಿಲೂರಿನವರಿಗೆ ಆ ವಾಸನೆಯನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಎರಡು ಪದಗಳ ಬಗ್ಗೆ ಎಚ್ಚರವಿರಲಿ. ಇಂದಿನ ಕಸ್ತೂರಿ ಘಮ ಪ್ರಯೋಗಾಲಯದ್ದು. ಕಸ್ತೂರಿ ಮೃಗ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ, ‘ಅಸಲಿ ಕಸ್ತೂರಿ’ ಎಂದು ಬರೆಯುವುದೆಂದರೆ ಸುಳ್ಳನ್ನೋ ಅಪರಾಧವನ್ನೋ ಒಪ್ಪಿಕೊಂಡಂತೆ. ಹಾಗೆಯೇ 650 ರೂಪಾಯಿಯ ಬಾಟಲಿಯ ಘಮವೆಲ್ಲ ಶ್ರೀಗಂಧದ ಎಣ್ಣೆಯಿಂದಲೇ ಬಂದಿರುವುದು ಆ ಎಣ್ಣೆಯ ಬೆಲೆಯಲ್ಲಿ ಸಾಧ್ಯವಿಲ್ಲ. ‘ಚಂದನದ ಘಮ’ ಎನ್ನಿ, ‘ಶುದ್ಧ ಶ್ರೀಗಂಧ’ ಎನ್ನಬೇಡಿ.

ಸಾಂದ್ರತೆ: ಹೆಚ್ಚಿದ್ದರೆ ಹೆಚ್ಚು ಹೊತ್ತು ಎನ್ನುವಂತಿಲ್ಲ

ಬಾಟಲಿಯ ಮೇಲೆ ಇಡಿಪಿ, ಇಡಿಟಿ ಎಂಬ ಅಕ್ಷರಗಳಿರುತ್ತವೆ. ಮದ್ಯಸಾರದಲ್ಲಿ ಎಷ್ಟು ಸುಗಂಧ ತೈಲ ಬೆರೆಸಿದ್ದಾರೆ ಎಂಬುದರ ಸುಳಿವು ಅದು. ರೂಢಿಯ ಪ್ರಕಾರ ಇಡಿಟಿಯಲ್ಲಿ ನೂರಕ್ಕೆ 5ರಿಂದ 15 ಪಾಲು, ಇಡಿಪಿಯಲ್ಲಿ 15ರಿಂದ 20 ಪಾಲು, ‘ಪರ್ಫ್ಯೂಮ್’ ಅಥವಾ ‘ಎಕ್ಸ್‌ಟ್ರೇ’ ಎಂದಷ್ಟೇ ಬರೆದಿದ್ದರೆ 20ಕ್ಕಿಂತ ಹೆಚ್ಚು ತೈಲ ಇರುತ್ತದೆ. ಬಾಡಿ ಮಿಸ್ಟ್‌ನಲ್ಲಿ ಒಂದರಿಂದ ಮೂರು ಪಾಲು ಇದ್ದರೆ ದೊಡ್ಡದು. ಇವು ಕೇವಲ ರೂಢಿ. ಒಬ್ಬ ತಯಾರಕರ ಇಡಿಟಿ ಇನ್ನೊಬ್ಬರ ಇಡಿಪಿಗೆ ಸಮನಾಗಿರಬಹುದು. ಆದ್ದರಿಂದ ಶೇಕಡಾ ಅಂಕಿಯನ್ನು ತಯಾರಕರು ಬರೆದು ಕೊಟ್ಟರೆ ಮಾತ್ರ ಹಾಕಿ. ನಮಗೆ 16 ಎಂದು ಬರೆದುಕೊಟ್ಟರು, ಅದನ್ನೇ ಹಾಕಿದೆವು. ಕೊಡದಿದ್ದ ಬಾಟಲಿಗಳಿಗೆ ‘ಇಡಿಪಿ’ ಎಂದಷ್ಟೇ ಬರೆದೆವು.

ಗಿರಾಕಿಗಳು ತಪ್ಪಾಗಿ ತಿಳಿಯುವುದು ಇಲ್ಲಿಯೇ. ತೈಲ ಹೆಚ್ಚಾದಷ್ಟೂ ಹೊತ್ತು ಹೆಚ್ಚು ಎಂದು ಅವರು ಲೆಕ್ಕ ಹಾಕುತ್ತಾರೆ, ಅನೇಕ ಲಿಸ್ಟಿಂಗ್‌ಗಳೂ ಅದನ್ನೇ ಹೇಳುತ್ತವೆ. ಆದರೆ ಬಾಳಿಕೆ ತೈಲದ ಪ್ರಮಾಣದಷ್ಟೇ ಅದರ ಜಾತಿಯನ್ನೂ ಅವಲಂಬಿಸುತ್ತದೆ. ಬರೀ ನಿಂಬೆ–ಕಿತ್ತಳೆಯ ಘಮವನ್ನು ನೂರಕ್ಕೆ 20 ಪಾಲು ಬೆರೆಸಿದರೂ ಅದು ಬೇಗ ಹೋಗುತ್ತದೆ. ಚಂದನ, ಅಗರು ತಳದಲ್ಲಿರುವ ಇಡಿಟಿ ಅದನ್ನು ಸುಲಭವಾಗಿ ಮೀರಿಸುತ್ತದೆ. ಹಾಗಾಗಿ ಸಾಂದ್ರತೆಯ ಸಾಲು ಒಂದು ಕಡೆ, ಬಾಳಿಕೆಯ ಸಾಲು ಇನ್ನೊಂದು ಕಡೆ ಇರಲಿ. ‘ಇಡಿಪಿ ಆದ್ದರಿಂದ ದಿನವಿಡೀ’ ಎಂದು ಎರಡನ್ನೂ ಗಂಟು ಹಾಕಬೇಡಿ.

ಪ್ರಮಾಣವನ್ನು ದಿನಗಳಿಗೆ ಬದಲಿಸಿ

50 ಮಿಲಿ ಎಂದರೆ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಗಿರಾಕಿಯ ನಿಜವಾದ ಪ್ರಶ್ನೆ. ಇದಕ್ಕೆ ಚಾಚಾ ಪರಿಚಯದ ಸರಾಫರ ಅಂಗಡಿಗೆ ಬಾಟಲಿ ಹಿಡಿದು ನಡೆದರು. ಚಿನ್ನ ತೂಗುವ ತಕ್ಕಡಿ ಗ್ರಾಮಿನ ನೂರನೆಯ ಭಾಗವನ್ನೂ ತೋರಿಸುತ್ತದೆ. ಬಾಟಲಿಯನ್ನು ತೂಗಿ, ಹೊರಗೆ ಬಂದು ಇಪ್ಪತ್ತು ಬಾರಿ ಸಿಂಪಡಿಸಿ, ಮತ್ತೆ ತೂಗಿದರು. 1.66 ಗ್ರಾಂ ಕಡಿಮೆಯಾಗಿತ್ತು. ಮದ್ಯಸಾರದ ಸುಗಂಧ ನೀರಿಗಿಂತ ಹಗುರ, ಒಂದು ಮಿಲಿ ಸುಮಾರು 0.83 ಗ್ರಾಂ ತೂಗುತ್ತದೆ. ಅಂದರೆ ಇಪ್ಪತ್ತು ಸಿಂಪಡಣೆಗೆ 2 ಮಿಲಿ, ಒಂದಕ್ಕೆ 0.1 ಮಿಲಿ. ಬಾಟಲಿಯಲ್ಲಿ ಸುಮಾರು 500 ಸಿಂಪಡಣೆ. ದಿನಕ್ಕೆ ನಾಲ್ಕರಂತೆ ನಾಲ್ಕು ತಿಂಗಳು. ಪಂಪು ಬೇರೆಯಾದರೆ ಈ ಲೆಕ್ಕವೂ ಬೇರೆಯಾಗುತ್ತದೆ, ಪ್ರತಿ ಮಾದರಿಗೂ ಒಮ್ಮೆ ತೂಗಲೇಬೇಕು.

ಬಾಳಿಕೆಯ ಪರೀಕ್ಷೆ

ಮೊದಲ ನಿಯಮ: ಹಚ್ಚಿಕೊಂಡವರ ಮಾತನ್ನು ನಂಬಬೇಡಿ. ಒಂದೇ ವಾಸನೆ ಸತತವಾಗಿ ಬಂದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಅಗರಬತ್ತಿ ಹಚ್ಚಿದ ಕೋಣೆಯಲ್ಲಿ ಕುಳಿತವರಿಗೆ ಘಮ ತಿಳಿಯುವುದಿಲ್ಲ, ಬಾಗಿಲು ತೆರೆದು ಬಂದವರಿಗೆ ತಿಳಿಯುತ್ತದೆ. ಸುಗಂಧ ಹಚ್ಚಿಕೊಂಡವರಿಗೂ ಅದೇ ಗತಿ. ಕೆಲವರ ಮೂಗಿಗೆ ಕೆಲವು ಕಸ್ತೂರಿ ಘಮಗಳು ಹುಟ್ಟಿನಿಂದಲೇ ಹತ್ತುವುದಿಲ್ಲ ಎಂಬುದು ಇನ್ನೊಂದು ತೊಡಕು. ಆದ್ದರಿಂದ ಮೂಸುವವರು ಬೇರೆಯವರೇ ಆಗಿರಬೇಕು, ಹೊರಗಿನಿಂದ ಬಂದವರಾಗಿರಬೇಕು, ಒಬ್ಬರಿಗಿಂತ ಹೆಚ್ಚಿದ್ದರೆ ಒಳ್ಳೆಯದು. ಬೆಳಿಗ್ಗೆಯಿಂದ ಅತ್ತರಿನ ಅಂಗಡಿಯಲ್ಲೇ ಕುಳಿತ ಚಾಚಾ ಈ ಕೆಲಸಕ್ಕೆ ಬಾರರು. ಅವರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. ‘ನಲವತ್ತು ವರ್ಷದ ಮೂಗು ತಮ್ಮಾ ಇದು’ ಎಂದರು. ಆದರೂ ಪಕ್ಕದ ಚಹಾದಂಗಡಿಯ ಹುಡುಗನಿಗೂ ಎದುರಿನ ದರ್ಜಿಗೂ ಕೆಲಸ ಒಪ್ಪಿಸಿದರು.

ಹಚ್ಚಿಕೊಳ್ಳಲು ಮೂರು ಬಗೆಯ ದಿನಚರಿಯವರನ್ನು ಹುಡುಕಿದೆವು: ಕೂಲರ್ ಗಾಳಿಯಲ್ಲಿ ಕೂರುವ ಅಂಗಡಿ ಕೆಲಸಗಾರ, ಅರ್ಧ ದಿನ ತರಗತಿಯಲ್ಲೂ ಅರ್ಧ ದಿನ ಹೊರಗೂ ಇರುವ ಶಿಕ್ಷಕಿ, ಮತ್ತು ಬಸ್ ನಿಲ್ದಾಣದ ಬಳಿಯ ಆಟೋ ಚಾಲಕ. ಮೂವರಿಗೂ ಷರತ್ತು ಒಂದೇ. ಬೆಳಿಗ್ಗೆ ವಾಸನೆಯಿಲ್ಲದ ಸಾಬೂನಿನಿಂದ ಸ್ನಾನ, ಪೌಡರ್ ಇಲ್ಲ, ಮೈಗೆ ಕೊಬ್ಬರಿ ಎಣ್ಣೆ ಇಲ್ಲ. ಎಣ್ಣೆ ಸವರಿದ ಚರ್ಮ ಘಮವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಒಣಚರ್ಮ ಬೇಗ ಬಿಡುತ್ತದೆ. ಒಂದು ಗೇಣು ದೂರದಿಂದ ಎಡ ಮುಂಗೈಯ ಒಳಬದಿಗೆ ಎರಡು, ಅಂಗಿಗೆ ಅಥವಾ ಸೆರಗಿಗೆ ಎರಡು ಸಿಂಪಡಣೆ. ತಿಕ್ಕುವಂತಿಲ್ಲ. ಬಲ ಮುಂಗೈ ಖಾಲಿ.

ಆ ಖಾಲಿ ಕೈಯೇ ಪರೀಕ್ಷೆಯ ಜೀವಾಳ. ಯಾವ ಕೈಗೆ ಹಚ್ಚಿದೆ ಎಂಬುದನ್ನು ಮೂಸುವವರಿಗೆ ಹೇಳಬಾರದು. ಮೊದಲ ದಿನ ನಾವು ಹೇಳಿಬಿಟ್ಟಿದ್ದೆವು, ಎಂಟನೆಯ ಗಂಟೆಗೂ ‘ಇದೆ, ಇದೆ’ ಎಂಬ ಉತ್ತರ ಬಂತು. ಎರಡನೆಯ ದಿನ ಹೇಳದೆ ಎರಡೂ ಕೈ ಮೂಸಲು ಕೊಟ್ಟಾಗ ಏಳನೆಯ ಗಂಟೆಯ ಹೊತ್ತಿಗೆ ಖಾಲಿ ಕೈಯಲ್ಲಿಯೇ ಗುಲಾಬಿ ಇದೆ ಎಂದು ದರ್ಜಿ ಹೇಳಿದರು. ಮೊದಲ ದಿನದ ವಹಿಯ ಹಾಳೆಯನ್ನು ಹರಿದೆವು.

ಅರ್ಧ ಗಂಟೆ, ಒಂದು, ಒಂದೂವರೆ, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟನೆಯ ಗಂಟೆಗೆ ಮೂಸಬೇಕು. ಆಟೋ ಚಾಲಕ ಬಾಡಿಗೆಯ ನಡುವೆ ಬಂದುಹೋಗುತ್ತಿದ್ದುದರಿಂದ ಅವರಿಗಾಗಿ ಹೆಚ್ಚು ಬಾರಿ ನೋಡಬೇಕಾಯಿತು. ಉತ್ತರಕ್ಕೆ ಅಂಕ ಬೇಡ, ಮೂರು ಮಾತು ಸಾಕು. ಒಂದು ತೋಳಿನ ದೂರದಿಂದಲೇ ತಿಳಿದರೆ ‘ದೂರ’. ಮೂಗನ್ನು ಕೈಗೆ ತಾಗುವಷ್ಟು ತಂದಾಗ ತಿಳಿದರೆ ‘ಹತ್ತಿರ’. ತಿಳಿಯದಿದ್ದರೆ ‘ಇಲ್ಲ’. ಗಿರಾಕಿಯ ಜಗಳವೆಲ್ಲ ‘ದೂರ’ ಮತ್ತು ‘ಹತ್ತಿರ’ದ ನಡುವೆ ಹುಟ್ಟುತ್ತದೆ. ಮಾರುವವರು ಕೊನೆಯ ‘ಹತ್ತಿರ’ವನ್ನು ಲೆಕ್ಕ ಹಿಡಿಯುತ್ತಾರೆ. ಕೊಳ್ಳುವವರು ಪಕ್ಕದವರಿಗೆ ತಿಳಿಯುವುದು ನಿಂತ ಕೂಡಲೇ ಘಮ ಮುಗಿಯಿತು ಎನ್ನುತ್ತಾರೆ. ಆದ್ದರಿಂದ ಎರಡನ್ನೂ ಬರೆಯಬೇಕು.

ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ನಮಗೆ ಸಿಕ್ಕಿದ್ದು ಇದು. ಕೂಲರ್ ಗಾಳಿಯಲ್ಲಿದ್ದವರಲ್ಲಿ ‘ದೂರ’ ಎರಡು ಗಂಟೆ, ‘ಹತ್ತಿರ’ ಆರು ಗಂಟೆಯವರೆಗೆ. ಶಿಕ್ಷಕಿಯಲ್ಲಿ ಒಂದೂವರೆ ಮತ್ತು ಐದು. ಆಟೋ ಚಾಲಕರಲ್ಲಿ ಒಂದು ಗಂಟೆ ಮತ್ತು ಮೂರೂವರೆ. ಕಾರಣ ಸರಳ: ಬಿಸಿ ಚರ್ಮ, ಬಿಸಿ ಒಣಗಾಳಿ, ಬೆವರು. ಆವಿಯಾಗುವ ವೇಗ ಹೆಚ್ಚಿದಾಗ ಮೊದಲರ್ಧ ಗಂಟೆ ಘಮ ಜೋರಾಗಿಯೇ ಇರುತ್ತದೆ, ಆಮೇಲೆ ಬೊಕ್ಕಸ ಬೇಗ ಬರಿದಾಗುತ್ತದೆ. ಚಾಲಕರ ಘಮವೇ ಮೊದಲಿಗೆ ಎಲ್ಲರಿಗಿಂತ ಜೋರಾಗಿತ್ತು ಎಂದು ಇಬ್ಬರು ಮೂಸಿದವರೂ ಹೇಳಿದರು. ಬಟ್ಟೆಯ ಮೇಲಿನದು ಬೇರೆಯೇ ಕಥೆ. ಚರ್ಮದಷ್ಟು ಬಿಸಿ ಇಲ್ಲದ ಹತ್ತಿಯ ಸೆರಗಿನಲ್ಲಿ ಮರುದಿನ ಬೆಳಿಗ್ಗೆಯೂ ಚಂದನ ಮಂದವಾಗಿ ಉಳಿದಿತ್ತು. ತಯಾರಕರ ‘24 ಗಂಟೆ’ ಎಲ್ಲಿಂದ ಬಂದಿರಬಹುದೆಂದು ನನಗೆ ಆಗ ಹೊಳೆಯಿತು. ಕಾಗದದ ಮೇಲೋ ಬಟ್ಟೆಯ ಮೇಲೋ ಅದು ಸುಳ್ಳಲ್ಲ.

ಲಿಸ್ಟಿಂಗ್‌ಗೆ ಅತಿ ಒಳ್ಳೆಯ ಫಲಿತಾಂಶವನ್ನು ಹಾಕುವ ಆಸೆಯಾಗುತ್ತದೆ. ನಡುವಿನದನ್ನು ಹಾಕಿ, ಕೆಟ್ಟದ್ದನ್ನು ಹೆಸರಿಸಿ ಹೇಳಿ. ಬೀದರ್ ನಮಗಿಂತ ಎತ್ತರದಲ್ಲಿದೆ, ಅಲ್ಲಿನ ಬಿಸಿಲು ಕೊಂಚ ಸೌಮ್ಯ. ಅಲ್ಲಿಯ ಗಿರಾಕಿಗೆ ಹೇಳಿದ್ದಕ್ಕಿಂತ ಅರ್ಧ ಗಂಟೆ ಹೆಚ್ಚು ಸಿಕ್ಕರೆ ಅವರೇನೂ ಬಾಟಲಿ ಹಿಂದಿರುಗಿಸುವುದಿಲ್ಲ.

ಪರೀಕ್ಷೆ ಕೆಡುವ ಇನ್ನೊಂದು ದಾರಿ ಬಾಟಲಿಯೇ. ಮೊದಲು ನಾವು ಗಾಜಿನ ಕಪಾಟಿನಲ್ಲಿ ಪಡುವಣ ಬಿಸಿಲಿಗೆ ನಿಂತಿದ್ದ ಮಾದರಿ ಬಾಟಲಿಯನ್ನು ಬಳಸಿದ್ದೆವು. ನಿಂಬೆ ಸಿಪ್ಪೆಯ ಬದಲು ಹಳೆ ಎಣ್ಣೆಯ ಕಮಟು ಬಂತು, ಬಣ್ಣವೂ ಒಂದು ಛಾಯೆ ಗಾಢವಾಗಿತ್ತು. ಶಾಖ ಮತ್ತು ಬೆಳಕು ಮೊದಲು ಕೆಡಿಸುವುದು ಮೇಲಿನ ಘಮವನ್ನೇ. ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಹೋಲಿಸಿದಾಗಲೇ ತಿಳಿದದ್ದು. ಅಂಗಡಿಯ ಮಾಳಿಗೆ ತಗಡಿನದಾಗಿದ್ದರೆ ದಾಸ್ತಾನು ಅಟ್ಟದ ಮೇಲಿರುವುದಕ್ಕಿಂತ ಕೆಳಗಿನ ಕತ್ತಲೆ ಕಪಾಟಿನಲ್ಲಿರುವುದು ಲೇಸು.

ಡಿಯೋಗೆ ಇದೇ ಸಾಲು ಹೊಂದುವುದಿಲ್ಲ

ಡಿಯೋಡರೆಂಟ್ ಡಬ್ಬಿಯ ಮೇಲೆ ‘48 ಗಂಟೆ’ ಎಂದಿದ್ದರೆ ಅದು ಸಾಮಾನ್ಯವಾಗಿ ಬೆವರಿನ ಅಥವಾ ಬೆವರು ವಾಸನೆಯ ತಡೆಗೆ ಸಂಬಂಧಿಸಿದ ಮಾತು, ಘಮ ಉಳಿಯುವ ಮಾತಲ್ಲ. ರೋಲ್-ಆನ್‌ನ ಘಟಕಗಳ ಪಟ್ಟಿಯಲ್ಲಿ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್‌ನಂಥ ಅಲ್ಯೂಮಿನಿಯಂ ಲವಣ ಇದ್ದರೆ ಅದು ಬೆವರನ್ನೇ ಕಡಿಮೆ ಮಾಡುವ ಬಗೆಯದು. ಇಲ್ಲದಿದ್ದರೆ ವಾಸನೆಯನ್ನಷ್ಟೇ ತಡೆಯುವ ಅಥವಾ ಮುಚ್ಚುವ ಬಗೆಯದು. ಯಾವುದೆಂದು ಮೊದಲ ಸಾಲಿನಲ್ಲೇ ಬರೆಯಿರಿ. 48 ಗಂಟೆಯ ಮಾತನ್ನು ‘ತಯಾರಕರ ಪ್ರಕಾರ ಬೆವರು ವಾಸನೆಯ ತಡೆ’ ಎಂದು ಅವರ ಹೆಸರಿಗೇ ಬಿಡಿ. ಘಮದ ಅವಧಿಯನ್ನು ಮೇಲಿನ ಪರೀಕ್ಷೆಯಿಂದ ಬೇರೆಯಾಗಿ ಹಾಕಿ. ನಾವು ನೋಡಿದ ಗ್ಯಾಸ್ ಡಿಯೋದಲ್ಲಿ ‘ದೂರ’ ಅರ್ಧ ಗಂಟೆ, ‘ಹತ್ತಿರ’ ಎರಡು ಗಂಟೆ ಮೀರಲಿಲ್ಲ.

ಪ್ರಮಾಣದಲ್ಲಿಯೂ ಮೋಸ ಹೋಗುವುದು ಸುಲಭ. ಗ್ಯಾಸ್ ಡಬ್ಬಿಯ ನಿವ್ವಳ ಪ್ರಮಾಣದಲ್ಲಿ ಒಳಗಿನದನ್ನು ಹೊರತಳ್ಳುವ ಅನಿಲವೂ ಸೇರಿರುತ್ತದೆ, ಗ್ಯಾಸ್ ಇಲ್ಲದ ಪಂಪಿನ ಬಾಟಲಿಯಲ್ಲಿ ಇರುವುದೆಲ್ಲ ದ್ರವ. ಹೀಗಾಗಿ 150 ಮಿಲಿಯ ಗ್ಯಾಸ್ ಡಬ್ಬಿ 120 ಮಿಲಿಯ ಪಂಪು ಬಾಟಲಿಗಿಂತ ಹೆಚ್ಚು ದಿನ ಬರುತ್ತದೆ ಎಂದು ಹೇಳಲಾಗದು. ‘ಗ್ಯಾಸ್ ಸಹಿತ’ ಅಥವಾ ‘ಗ್ಯಾಸ್ ರಹಿತ’ ಎಂಬುದು ಮಿಲಿಯ ಪಕ್ಕದಲ್ಲಿಯೇ ಇರಲಿ.

ನಾವು ಕೊನೆಗೆ ಹಾಕಿದ್ದು

ಸೇಡಂನಿಂದ ಹಿಂದಿರುಗಿದ ಬಾಟಲಿಯ ವಿವರ ಈಗ ಹೀಗಿದೆ:

‘ಗುಲಾಬಿ–ಚಂದನ, ಇಡಿಪಿ, ಸುಗಂಧ ತೈಲ ನೂರಕ್ಕೆ 16 ಪಾಲು (ತಯಾರಕರು ತಿಳಿಸಿದಂತೆ). 50 ಮಿಲಿ, ಸುಮಾರು 500 ಸಿಂಪಡಣೆ. ದಿನಕ್ಕೆ ನಾಲ್ಕರಂತೆ ನಾಲ್ಕು ತಿಂಗಳು. ಆರಂಭಕ್ಕೆ ನಿಂಬೆ ಸಿಪ್ಪೆ, ಏಲಕ್ಕಿ. ಅರ್ಧ ಗಂಟೆಯ ನಂತರ ಗುಲಾಬಿ. ಕೊನೆಗೆ ಚಂದನ ಮತ್ತು ಒಗೆದ ಬಟ್ಟೆಯಂಥ ಕಸ್ತೂರಿ ಘಮ. ಕಲಬುರಗಿಯ ಬೇಸಿಗೆಯಲ್ಲಿ ನಾಲ್ಕು ಸಿಂಪಡಣೆಗೆ: ಪಕ್ಕದವರಿಗೆ ತಿಳಿಯುವುದು ಸುಮಾರು ಒಂದೂವರೆ ಗಂಟೆ, ಚರ್ಮದ ಹತ್ತಿರ ಸುಮಾರು 5 ಗಂಟೆ. ಬಿಸಿಲಿನಲ್ಲಿ ಓಡಾಡುವವರಿಗೆ ಚರ್ಮದ ಮೇಲೆ ಮೂರೂವರೆ ಗಂಟೆ. ಹತ್ತಿ ಬಟ್ಟೆಯ ಮೇಲೆ ಮಂದವಾಗಿ ಮರುದಿನದವರೆಗೆ. ತಿಳಿ ಬಣ್ಣದ ರೇಷ್ಮೆಗೆ ಸಿಂಪಡಿಸಬೇಡಿ, ಕಲೆ ಬೀಳಬಹುದು.’

ಮೂರೂವರೆ ಎಂಬುದನ್ನು ನೋಡಿ ಚಾಚಾ ಹಣೆ ಒತ್ತಿಕೊಂಡರು. ಅದನ್ನಾದರೂ ಅಳಿಸಿ ಎಂದರು, ಅಳಿಸಲಿಲ್ಲ. ಮೊದಲ ವಾರ ಮಾರಾಟ ಕುಗ್ಗಿತು. ಆಮೇಲೆ ಬಂದ ಆರ್ಡರ್‌ಗಳಲ್ಲಿ ಕೆಲವರು ಜೊತೆಗೆ 10 ಮಿಲಿಯ ಚಿಕ್ಕ ಬಾಟಲಿಯನ್ನೂ ಕೇಳಿದರು, ಮಧ್ಯಾಹ್ನ ಮತ್ತೊಮ್ಮೆ ಹಚ್ಚಿಕೊಳ್ಳಲು ಜೇಬಿನಲ್ಲಿ ಇರಲೆಂದು. ಚಾಚಾ ಈಗ ಅದನ್ನು ಜೋಡಿಯಾಗಿಯೇ ಮಾರುತ್ತಾರೆ.

ಬ್ಯಾಚ್ ಸಂಖ್ಯೆ ಬದಲಾದಾಗ ಪರೀಕ್ಷೆಯನ್ನು ಮತ್ತೆ ಮಾಡುತ್ತೇವೆ, ಪೂರ್ತಿಯಾಗಿ ಅಲ್ಲ, ಒಬ್ಬರ ಕೈ ಮತ್ತು ಒಂದು ದಿನ. ಹೋದ ಸಲ ಹೊಸ ಬ್ಯಾಚಿನಲ್ಲಿ ಏಲಕ್ಕಿ ಮೂಗಿಗೆ ಸಿಗಲಿಲ್ಲ. ತಯಾರಕರನ್ನು ಕೇಳಿದರೆ ಏನೂ ಬದಲಾಗಿಲ್ಲ ಎಂದರು. ದರ್ಜಿಗೂ ಚಹಾದ ಹುಡುಗನಿಗೂ ಬೇರೆ ಬೇರೆಯಾಗಿ ಕೊಟ್ಟು ನೋಡಿದೆವು, ಇಬ್ಬರಿಗೂ ಸಿಗಲಿಲ್ಲ. ಲಿಸ್ಟಿಂಗ್‌ನಿಂದ ಏಲಕ್ಕಿಯನ್ನು ತೆಗೆದೆವು.